ಬೆನ್ನಿಗೆ ನಿಲ್ಲುವ ನುಡಿ

ಮುನ್ನುಡಿ ಓದುವವರು ಆಗಲೇ ಪುಸ್ತಕ ತೆರೆದಿರುತ್ತಾರೆ. ಬೆನ್ನುಡಿ ಓದುವವರು ಇನ್ನೂ ಪುಸ್ತಕದ ಮೇಜಿನ ಮುಂದೆ ನಿಂತೇ ಇರುತ್ತಾರೆ, ಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸಿರುವುದಿಲ್ಲ.

ಬೆನ್ನು ಎಂಬುದರ ಹಳೆಯ ರೂಪ 'ಬೆನ್'. ಅದಕ್ಕೆ ಬಲ ಸೇರಿದರೆ ಬೆಂಬಲ, ಕಾವಲು ಸೇರಿದರೆ ಬೆಂಗಾವಲು, ನುಡಿ ಸೇರಿದರೆ ಬೆನ್ನುಡಿ. ಮೂರೂ ಹಿಂದೆ ನಿಂತು ಮಾಡುವ ಕೆಲಸಗಳೇ. ಇಂಗ್ಲಿಷಿನ 'ಬ್ಲರ್ಬ್' ಹುಟ್ಟಿದ್ದು ಬೇರೆ ಬಗೆಯಲ್ಲಿ. 1907ರಲ್ಲಿ ಅಮೆರಿಕದ ಗೆಲೆಟ್ ಬರ್ಜೆಸ್ ತನ್ನ ಪುಸ್ತಕದ ಹೊದಿಕೆಯ ಮೇಲೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುವ ಬೆಲಿಂಡಾ ಬ್ಲರ್ಬ್ ಎಂಬ ಹೆಣ್ಣಿನ ಚಿತ್ರ ಹಾಕಿ, ಪುಸ್ತಕಗಳ ಮೇಲಿನ ಹೊಗಳಿಕೆಯ ಅಬ್ಬರವನ್ನೇ ಗೇಲಿ ಮಾಡಿದ. ನಮ್ಮ ಪದದಲ್ಲಿ ಕೂಗಿಲ್ಲ, ಆಸರೆಯಿದೆ.

ಮಕ್ಕಳ ಪುಸ್ತಕಕ್ಕೆ ಬೇಕಾದದ್ದು ಈ ಆಸರೆಯೇ. ಹಾಸನ ತಾಲ್ಲೂಕಿನ ಸಾಲಗಾಮೆಯಲ್ಲಿ ಏಳನೇ ತರಗತಿಯ ಮಕ್ಕಳು ಬರೆದ ಕಥೆಗಳನ್ನು ಮೇಷ್ಟ್ರು ಪುಸ್ತಕ ಮಾಡಿಸುತ್ತಿದ್ದಾರೆ ಎಂದುಕೊಳ್ಳಿ. ಬೆನ್ನುಡಿಗೆ ಮೊದಲು ಹೊಳೆಯುವುದು ಇಂಥದ್ದು: 'ಈ ಪುಟಾಣಿಗಳ ಕಥೆಗಳು ಮುಗ್ಧ ಮನಸ್ಸಿನ ಕನ್ನಡಿ. ನಾಳಿನ ಸಾಹಿತಿಗಳಿಗೆ ಶುಭವಾಗಲಿ.' ಇದನ್ನು ಪಕ್ಕದೂರಿನ ಶಾಲೆಯ ಪುಸ್ತಕದ ಹಿಂದೆ ಅಚ್ಚು ಹಾಕಿದರೂ ಒಂದಕ್ಷರ ತಿದ್ದಬೇಕಿಲ್ಲ. ಹಾಗಿದ್ದ ಮೇಲೆ ಇದು ಈ ಪುಸ್ತಕದ ಬೆನ್ನುಡಿಯಲ್ಲ.

ಅದನ್ನು ಬಿಟ್ಟು ಕಥೆಗಳಿಗೇ ಹೋಗಬೇಕು. ಹೀಗೆ ಬರೆಯಬಹುದು:

'ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆ ಬಿಚ್ಚಿದರೆ ಅರ್ಧ ಕೊಳೆತಿದೆ. ಸಾಲ ಮಾಡಿ ತಂದ ಅಪ್ಪನಿಗೆ ಇದನ್ನು ಯಾರು ಹೇಳಬೇಕು? ಇನ್ನೊಂದು ಕಥೆಯಲ್ಲಿ, ಹಾಸನದಿಂದ ಕೊನೆಯ ಬಸ್ಸು ತಪ್ಪಿದ ಹುಡುಗಿ ಅಜ್ಜಿಯ ಮಾತ್ರೆ ಹಿಡಿದು ಕತ್ತಲಲ್ಲಿ ನಡೆಯುತ್ತಿದ್ದಾಳೆ. ಸಾಲಗಾಮೆಯ ಏಳನೇ ತರಗತಿಯವರು ಕಂಡು, ಕೇಳಿ, ಕಲ್ಪಿಸಿಕೊಂಡು ಬರೆದ ಕಥೆಗಳು ಇಲ್ಲಿವೆ.'

ಇಲ್ಲಿ ಹೊಗಳಿಕೆಯ ಮಾತೊಂದೂ ಇಲ್ಲ. ಎರಡು ಕಥೆಗಳೂ ಇಕ್ಕಟ್ಟಿನ ಜಾಗದಲ್ಲಿ ನಿಂತಿವೆ. ಅಪ್ಪ ಏನೆಂದ, ಹುಡುಗಿ ಮನೆ ಮುಟ್ಟಿದಳೇ ಎಂಬುದನ್ನು ಹೇಳಿಬಿಟ್ಟರೆ ಪುಟ ತೆರೆಯಲು ಕಾರಣವೇ ಉಳಿಯುವುದಿಲ್ಲ. ಬರೆದ ಮಕ್ಕಳ ಹೆಸರೂ ಇಲ್ಲ. ಇಬ್ಬರ ಹೆಸರು ಹಾಕಿದರೆ ಉಳಿದವರ ಮುಖ ಬಾಡುತ್ತದೆ, ಎಲ್ಲರದೂ ಹಾಕಿದರೆ ಅದು ಹಾಜರಿ ಪುಸ್ತಕವಾಗುತ್ತದೆ. ಹೆಸರುಗಳಿಗೆ ಪರಿವಿಡಿ ಇದೆ, ಅಚ್ಚಿಗೆ ಹಣ ಕೊಟ್ಟವರಿಗೆ ಒಳಗೆ ಕೃತಜ್ಞತೆಯ ಪುಟ ಇದೆ. ಡೆಮಿ ಅಳತೆಯ ಪುಸ್ತಕದ ಹಿಂಬದಿಯಲ್ಲಿ ಬೆಲೆಗೂ ಜಾಗ ಬಿಡಬೇಕಾದ್ದರಿಂದ, ಬೆನ್ನುಡಿ ತುಂಬಾ ಉದ್ದವಾದರೆ ಅಕ್ಷರ ಸಣ್ಣದಾಗಿ ಓದುವವರ ಕಣ್ಣಿಗೆ ಕಷ್ಟ.

ದೊಡ್ಡವರ ಪುಸ್ತಕಗಳಲ್ಲಿ ಹಿರಿಯ ಸಾಹಿತಿಯೊಬ್ಬರ ಮುನ್ನುಡಿಯಿಂದ ನಾಲ್ಕು ಸಾಲು ಎತ್ತಿ, ಕೆಳಗೆ ಅವರ ಹೆಸರು ಹಾಕುವ ವಾಡಿಕೆಯಿದೆ. ಮಕ್ಕಳ ಪುಸ್ತಕಕ್ಕೆ ಅದು ಬೇಡ. ಹಾಗೆ ಮಾಡಿದರೆ ದೊಡ್ಡವರ ಹೆಸರು ಮುಂದೆ ಬಂದು, ಬರೆದವರು ಹಿಂದೆ ಸರಿಯುತ್ತಾರೆ. ಬೆನ್ನುಡಿ ಬರೆಯಲು ಕೂತ ಮೇಷ್ಟ್ರುಗಳೇ, ಮೇಡಂಗಳೇ, ಪ್ರತಿ ಕಥೆಯನ್ನೂ ಕೊನೆಯವರೆಗೆ ಓದಿ, ಆಮೇಲೆ ಪೆನ್ನು ಹಿಡಿಯಿರಿ.