ಎಲೆಅಡಿಕೆಯ ಐನೂರು ರೂಪಾಯಿ

ಸಹಿ ಹಾಕದ ಮೂರನೆಯವರಿಗೆ ಈ ಕರಾರಿನಡಿ ಯಾವ ಹಕ್ಕೂ ಇಲ್ಲ. ನಮ್ಮ ಸಾಫ್ಟ್‌ವೇರ್ ಕರಾರುಗಳ ಕೊನೆಯ ಪುಟಗಳಲ್ಲಿ ಹೀಗೊಂದು ಸಾಲು ಸಾಮಾನ್ಯ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಅದನ್ನು ಎಷ್ಟೋ ಸಲ ಓದಿದ ಮೇಲೆ ಅದರ ಬೇರು ಹುಡುಕಿದೆ. ಸಿಕ್ಕಿದ್ದು ಎರಡು ಮದುವೆಗಳ ಕತೆ.

ಮೊದಲನೆಯದು ಇಂಗ್ಲೆಂಡಿನದು. ವಿಲಿಯಂ ಟ್ವೆಡಲ್‌ನ ಮದುವೆಯ ನಂತರ ಅವನಿಗೆ ತಂದೆ 100 ಪೌಂಡ್, ಮಾವ 200 ಪೌಂಡ್ ಕೊಡುವುದೆಂದು ಬೀಗರಿಬ್ಬರೂ ಬರೆದುಕೊಂಡರು. ಹಣ ಬಾರದಿದ್ದರೆ ಅಳಿಯನೇ ದಾವೆ ಹೂಡಬಹುದು ಎಂದೂ ಸೇರಿಸಿದರು. ಮಾವ ಕೊಡದೆಯೇ ತೀರಿಕೊಂಡ. ಅವನ ಆಸ್ತಿಯ ಹೊಣೆ ಹೊತ್ತಿದ್ದ ಅಟ್ಕಿನ್ಸನ್ ಮೇಲೆ ಹೂಡಿದ ದಾವೆಯಲ್ಲಿ 1861ರಲ್ಲಿ ಟ್ವೆಡಲ್ ಸೋತ. ಮಾತಿಗೆ ಪ್ರತಿಯಾಗಿ ಅವನು ಏನನ್ನೂ ಕೊಟ್ಟಿರಲಿಲ್ಲ, ಆದ್ದರಿಂದ ಅವನು ಹೊರಗಿನವನು ಎಂದಿತು ನ್ಯಾಯಾಲಯ.

1872ರ ನಮ್ಮ ಕರಾರು ಕಾಯ್ದೆ ಇಲ್ಲಿ ಸ್ವಲ್ಪ ಸಡಿಲ. ಪ್ರತಿಫಲವನ್ನು ಮಾತು ಪಡೆದವನೇ ಕೊಡಬೇಕಿಲ್ಲ, ಬೇರೆ ಯಾರು ಕೊಟ್ಟರೂ ಆದೀತು. ಆದರೆ ಕರಾರಿನಲ್ಲೇ ಇಲ್ಲದವರು ದಾವೆ ಹೂಡಬಹುದೇ? ಕಾಯ್ದೆ ಅದನ್ನು ಹೇಳಲಿಲ್ಲ.

ಎರಡನೆಯ ಮದುವೆ ಆ ಪ್ರಶ್ನೆಯನ್ನು ಮುಂದಿಟ್ಟಿತು. 1877ರ ಅಕ್ಟೋಬರ್‌ನಲ್ಲಿ ಖ್ವಾಜಾ ಮುಹಮ್ಮದ್ ಖಾನ್ ತನ್ನ ಮಗನ ಮದುವೆಗೆ ಮುಂಚೆ ಹುಡುಗಿಯ ತಂದೆಗೆ ಒಂದು ಪತ್ರ ಬರೆದುಕೊಟ್ಟ. ಸೊಸೆ ಹುಸೈನಿ ಬೇಗಂಗೆ ಪಾನ್‌ದಾನ್ ಖರ್ಚು, ಅಂದರೆ ಎಲೆಅಡಿಕೆಯ ಖರ್ಚೆಂದು, ತಿಂಗಳಿಗೆ 500 ರೂಪಾಯಿ ಕೊಡುವುದಾಗಿ ಒಪ್ಪಿ, ಇಂಥ ಆಸ್ತಿಯಿಂದ ಅದು ಸಲ್ಲಬೇಕೆಂದು ಹೆಸರಿಸಿದ. ವಧೂವರರಿಬ್ಬರೂ ಆಗ ಅಪ್ರಾಪ್ತರು. 1896ರಲ್ಲಿ ಬೇಗಂ ಗಂಡನ ಮನೆ ಬಿಟ್ಟರು. ಬಾಕಿಗಾಗಿ ದಾವೆ ಹೂಡಿದಾಗ ಮಾವ ಹೇಳಿದ್ದು ಎರಡು ಮಾತು: ಪತ್ರದಲ್ಲಿ ಆಕೆ ಪಕ್ಷಗಾರಳಲ್ಲ, ಮನೆಯನ್ನೂ ಬಿಟ್ಟಿದ್ದಾಳೆ.

1910ರಲ್ಲಿ ಪ್ರಿವಿ ಕೌನ್ಸಿಲ್ ಎರಡನ್ನೂ ಒಪ್ಪಲಿಲ್ಲ. ತೀರ್ಪು ಹೇಳಿದವರು ಸೈಯದ್ ಅಮೀರ್ ಅಲಿ. ಗಂಡನ ಜೊತೆ ಇದ್ದರೆ ಮಾತ್ರ ಹಣ ಎಂಬ ಷರತ್ತು ಪತ್ರದಲ್ಲಿಲ್ಲ. ಆಸ್ತಿಯ ಮೇಲೆ ಹೊರಿಸಿದ ಆ ಹಣದ ಫಲ ಸೇರಬೇಕಾದ್ದು ಆಕೆಯೊಬ್ಬಳಿಗೇ. ಮಕ್ಕಳ ಮದುವೆಯನ್ನು ಹಿರಿಯರೇ ಗೊತ್ತುಮಾಡುವ ಸಮಾಜದಲ್ಲಿ ಇಂಗ್ಲೆಂಡಿನ ನಿಯಮವನ್ನು ಹಾಗೇ ತಂದರೆ ದೊಡ್ಡ ಅನ್ಯಾಯವಾದೀತು ಎಂದರು.

ಹಾಗೆಂದು ಬಾಗಿಲು ಪೂರ್ತಿ ತೆರೆಯಲಿಲ್ಲ. ಕೇರಳದ ಚಾಕೋ ಕುಟುಂಬದ ಪಾಲು ಪತ್ರವೊಂದರಲ್ಲಿ, ಬ್ಯಾಂಕಿಗೆ ಬಾಕಿ ಬಂದರೆ ಇಂಥ ಮಗನೇ ತೀರಿಸಬೇಕು ಎಂದಿತ್ತು. ಆ ಸಾಲನ್ನೇ ಹಿಡಿದು ಬ್ಯಾಂಕು ಅವನ ಪಾಲಿನ ಆಸ್ತಿಯ ಮೇಲೆ ಹಕ್ಕು ಕೇಳಿತು. 1969ರಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಆ ಸಾಲು ಮನೆಯವರು ತಮ್ಮತಮ್ಮಲ್ಲಿ ಹೊಣೆ ಹಂಚಿಕೊಂಡದ್ದು, ಬ್ಯಾಂಕಿಗೆ ಹಕ್ಕು ಕೊಡಲು ಬರೆದದ್ದಲ್ಲ.

ಬೇಗಂ ಮತ್ತು ಬ್ಯಾಂಕಿನ ನಡುವಿನ ವ್ಯತ್ಯಾಸ ಇಷ್ಟೇ. ಪತ್ರದಲ್ಲಿ ಹೆಸರಿದ್ದರೆ ಸಾಲದು. ಆಸ್ತಿಯನ್ನೋ ಹಣವನ್ನೋ ಆ ಹೆಸರಿನವರಿಗಾಗಿಯೇ ತೆಗೆದಿರಿಸಿದೆಯೇ ಎಂದು ನೋಡಬೇಕು. ಇಂಗ್ಲೆಂಡ್ ಈ ಹಕ್ಕನ್ನು ಕಾಯ್ದೆ ಮಾಡಿ ಕೊಟ್ಟದ್ದು 1999ರಲ್ಲಿ. ಕರಾರಿನಲ್ಲೇ ಬರೆದು ಅದನ್ನು ಹೊರಗಿಡಲು ಆ ಕಾಯ್ದೆ ಬಿಡುತ್ತದೆ. ನಮ್ಮ ಕೊನೆಯ ಪುಟದ ಆ ಸಾಲು ಮಾಡುವುದು ಅದೇ ಕೆಲಸ.