ಆದವಾನಿಯ ಬೇಲು, ಹಡಗಿನ ರಸೀತಿ

ಆದವಾನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಪ್ರೆಸ್ಸಿನಿಂದ ಹೊರಬಂದ ಹತ್ತಿ ಬೇಲಿನ ಮೈಮೇಲೆ ಮಿಲ್ಲಿನ ಮಾರ್ಕು, ಲಾಟಿನ ನಂಬರು ಮತ್ತು ಆ ಪ್ರೆಸ್ಸಿನ ಸರದಿ ನಂಬರು ಬೀಳುತ್ತವೆ. ಈ ಸರದಿ ನಂಬರಿಗೆ ವ್ಯಾಪಾರದಲ್ಲಿ ಪಿ.ಆರ್. ನಂಬರು ಎನ್ನುತ್ತಾರೆ. ಹಮಾಲರು ಬೇಲನ್ನು ಕಾಟಾದ ಮೇಲೆ ಉರುಳಿಸಿದಾಗ ಗುಮಾಸ್ತ ಆ ನಂಬರಿನ ಮುಂದೆ ತೂಕ ಬರೆದುಕೊಳ್ಳುತ್ತಾನೆ. ಸರಕು ಚೆನ್ನೈ ಬಂದರು ದಾಟಿ ಬಾಂಗ್ಲಾದೇಶದ ಚಟ್ಟೋಗ್ರಾಮ ಸೇರುವವರೆಗೆ ಹುಟ್ಟುವ ಕಾಗದಗಳಿಗೆಲ್ಲ ಆ ಪಟ್ಟಿಯೇ ಬೇರು.

ಆಲೂರು, ಕೌತಾಳ, ಕೋಸಿಗಿ ಕಡೆಯ ಸಣ್ಣ ವ್ಯಾಪಾರಿ ಸ್ವಂತ ಹೆಸರಿನಲ್ಲಿ ರಫ್ತಿಗೆ ಇಳಿದರೆ ಹೆಚ್ಚು ತೊಡಕು ಕೊಡುವುದು ಎರಡು ಕಾಗದ. ಒಂದು, ತಾನೇ ಬರೆಯಬೇಕಾದ ಪ್ಯಾಕಿಂಗ್ ಲಿಸ್ಟ್. ಇನ್ನೊಂದು, ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್, ಬಾಯಿಮಾತಿನಲ್ಲಿ ಬಿ.ಎಲ್. ಎರಡರಲ್ಲೂ ಮಾರ್ಕು, ನಗ, ತೂಕ ಎಂಬ ಅವೇ ಕಾಲಮ್ಮುಗಳು ಇರುವುದರಿಂದ ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದರಾಯಿತು ಎನಿಸುತ್ತದೆ. ಆದರೆ ಪ್ರತಿ ಕಾಲಮ್ಮನ್ನು ಓದುವಾಗ ಇದು ಯಾರ ಮಾತು ಎಂದು ಕೇಳಿಕೊಳ್ಳಬೇಕು. ಸರಕನ್ನು ಕಣ್ಣಾರೆ ಕಂಡವನ ಮಾತೋ, ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಂಡವನ ಮಾತೋ? ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಈ ಕಾಗದಗಳಲ್ಲಿ ನಿಜವಾಗಿ ಬದಲಾದದ್ದು ಈ ಪ್ರಶ್ನೆಯ ಉತ್ತರವಷ್ಟೇ.

ಮದರಾಸಿನಿಂದ ಹೊರಟ ರೈಲುದಾರಿ 1871ರಲ್ಲಿ ರಾಯಚೂರು ಮುಟ್ಟಿದಾಗ ಆದವಾನಿ ಆ ದಾರಿಯ ಮೇಲಿತ್ತು. ಆಗ ಇದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಕರ್ನೂಲಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಬಳ್ಳಾರಿ, ಕರ್ನೂಲು, ಅನಂತಪುರ ಸೀಮೆಯ ಹತ್ತಿಗೆ ವ್ಯಾಪಾರದಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರಿತ್ತು. ಆ ಕಾಲದಲ್ಲಿ ಬೇಲುಗಳು ಒಂದೊಂದಾಗಿ ಹಡಗಿನ ಹೊಟ್ಟೆಗೆ ಇಳಿಯುತ್ತಿದ್ದವು. ಹಡಗಿನ ಕಡೆಯವರು ಎಣಿಸುತ್ತಿದ್ದರು, ಕಟ್ಟು ಸಡಿಲವಾಗಿದ್ದರೆ, ಹೊದಿಕೆ ಬಟ್ಟೆ ಹರಿದಿದ್ದರೆ ಬಿ.ಎಲ್. ಮೇಲೆ ಷರಾ ಬರೆಯುತ್ತಿದ್ದರು. ಷರಾ ಇಲ್ಲದ ಬಿ.ಎಲ್.ಗೆ ‘ಕ್ಲೀನ್’ ಎಂಬ ಹೆಸರು ಬಂದದ್ದು ಹೀಗೆ. ಬೇಲಿನ ಎಣಿಕೆ ಅಂದು ಹಡಗಿನವನದೇ ಮಾತಾಗಿತ್ತು.

ಆ ಮಾತಿನ ಬೆಲೆ ಎಷ್ಟು ಎಂಬ ಪ್ರಶ್ನೆ ಎದ್ದದ್ದೂ ಬೇಲುಗಳಿಂದಲೇ. ಕಲ್ಕತ್ತೆಯಲ್ಲಿ ಒಬ್ಬ ಕಪ್ತಾನ ಹಡಗಿಗೆ ಏರದೇ ಇದ್ದ 12 ಬೇಲು ರೇಷ್ಮೆಗೆ ಬಿ.ಎಲ್. ಸಹಿ ಮಾಡಿಕೊಟ್ಟಿದ್ದ. ಆ ಕಾಗದವನ್ನು ನಂಬಿ ಹಣ ಕೊಟ್ಟವರು ಕೋರ್ಟಿಗೆ ಹೋದರು. ಗ್ರಾಂಟ್ ವಿರುದ್ಧ ನಾರ್ವೆ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ 1851ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ, ಹತ್ತದ ಸರಕಿಗೆ ಸಹಿ ಹಾಕುವ ಅಧಿಕಾರ ಕಪ್ತಾನನಿಗಿಲ್ಲ, ಹಾಗಾಗಿ ಹಡಗಿನ ಮಾಲೀಕನಿಗೆ ಹೊಣೆಯಿಲ್ಲ ಎಂದಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲೂ, 1856ರಲ್ಲಿ ಭಾರತದಲ್ಲೂ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ ಬಂತು. ಬೆಲೆ ಕೊಟ್ಟು ಬಿ.ಎಲ್. ಪಡೆದವನ ಎದುರು, ಅದಕ್ಕೆ ಸಹಿ ಹಾಕಿದವನು ‘ಸರಕು ಹತ್ತಿರಲಿಲ್ಲ’ ಎಂದು ಸಾಮಾನ್ಯವಾಗಿ ಹೇಳುವಂತಿಲ್ಲ ಎಂದು ಅದು ಗೊತ್ತುಮಾಡಿತು. ಮೂರೇ ಸೆಕ್ಷನ್ನುಗಳ ಆ ಕಾಯ್ದೆ ನಮ್ಮಲ್ಲಿ 2025ರವರೆಗೂ ನಡೆಯಿತು. ಈಗ ಅದೇ ಹೆಸರಿನ ಹೊಸ ಕಾಯ್ದೆ ಬಂದಿದ್ದರೂ ತಿರುಳು ಹೆಚ್ಚು ಬದಲಾಗಿಲ್ಲ.

1925 ಹತ್ತಿಯ ಮಟ್ಟಿಗೆ ದೊಡ್ಡ ವರ್ಷ. ಕಲಬೆರಕೆಗೆ, ನೀರು ಹೊಡೆದು ತೂಕ ಏರಿಸುವುದಕ್ಕೆ ಕಡಿವಾಣ ಹಾಕಲು ಆ ವರ್ಷ ಬಂದ ಕಾಟನ್ ಜಿನ್ನಿಂಗ್ ಅಂಡ್ ಪ್ರೆಸ್ಸಿಂಗ್ ಫ್ಯಾಕ್ಟರೀಸ್ ಕಾಯ್ದೆಯ ಪ್ರಕಾರ ಪ್ರತಿ ಬೇಲಿನ ಮೇಲೂ ಪ್ರೆಸ್ಸಿನ ಮಾರ್ಕು ಮತ್ತು ಸರದಿ ನಂಬರು ಇರಲೇಬೇಕಾಯಿತು. ಕೆಟ್ಟ ಬೇಲು ಎಲ್ಲಿ ಸಿಕ್ಕರೂ ಅದು ಯಾವ ಪ್ರೆಸ್ಸಿನದು ಎಂದು ಹುಡುಕಿಕೊಂಡು ಹೋಗಬಹುದಾಯಿತು. ಅದೇ ವರ್ಷ ಭಾರತ ಸಮುದ್ರ ಸಾಗಣೆಗೂ ಕಾಯ್ದೆ ಮಾಡಿ ಹೇಗ್ ನಿಯಮಗಳನ್ನು ಒಪ್ಪಿತು. ಸರಕು ಕೊಟ್ಟವನು ಕೇಳಿದರೆ ಹಡಗಿನವನು ಮಾರ್ಕು, ನಗಗಳ ಎಣಿಕೆ ಅಥವಾ ತೂಕ, ಹೊರಗಿನಿಂದ ಕಾಣುವ ಸ್ಥಿತಿ ಇವನ್ನು ಬಿ.ಎಲ್.ನಲ್ಲಿ ಬರೆಯಬೇಕು, ತಾನು ಪರೀಕ್ಷಿಸಲು ದಾರಿಯಿಲ್ಲದ ಸಂಗತಿಯನ್ನು ಬರೆಯಬೇಕಿಲ್ಲ. ಸರಕು ಕೊಟ್ಟವನ ಹೇಳಿಕೆ ತಪ್ಪಾಗಿ ಹಡಗಿನವನಿಗೆ ನಷ್ಟವಾದರೆ ಅದನ್ನು ತುಂಬಿಕೊಡುವವನು ಸರಕು ಕೊಟ್ಟವನೇ. ಒಂದು ಕಾಯ್ದೆ ಬೇಲಿಗೆ ಗುರುತು ಕೊಟ್ಟಿತು, ಇನ್ನೊಂದು ಆ ಗುರುತಿಗೆ ಬಿ.ಎಲ್.ನಲ್ಲಿ ಜಾಗ ಕೊಟ್ಟಿತು.

ಈ ಏರ್ಪಾಟನ್ನು ಅಲುಗಾಡಿಸಿದ್ದು ಕಂಟೇನರು. 1956ರಲ್ಲಿ ಅಮೆರಿಕದಲ್ಲಿ ಮಾಲ್ಕಮ್ ಮೆಕ್ಲೀನ್ ಲೋಹದ ಪೆಟ್ಟಿಗೆಗಳನ್ನು ಹಾಗೇ ಹಡಗಿಗೆ ಏರಿಸಿ ಕಳುಹಿಸಿದ. ಅಲ್ಲಿಂದಾಚೆ ಹಡಗಿನವನ ಕಣ್ಣಿಗೆ ಬೀಳುವುದು ಒಂದು ಪೆಟ್ಟಿಗೆ, ಅದರ ನಂಬರು, ಅದರ ಸೀಲು. ಒಳಗಿನ ಬೇಲು ಅವನಿಗೆ ಕಾಣದು. ಆದ್ದರಿಂದಲೇ ಬಿ.ಎಲ್. ಮೇಲೆ ‘ಸೇಡ್ ಟು ಕಂಟೇನ್’, ‘ಶಿಪ್ಪರ್ಸ್ ಲೋಡ್ ಅಂಡ್ ಕೌಂಟ್’ ಎಂಬ ಮಾತುಗಳು ಬಂದು ಕೂತವು. ಒಳಗೆ ಇಷ್ಟಿದೆ ಎಂದು ಸರಕಿನವನು ಹೇಳಿದ್ದಾನೆ, ತುಂಬಿದವನೂ ಎಣಿಸಿದವನೂ ಅವನೇ ಎಂದು ಅರ್ಥ. ಮೊದಲ ಸಲ ಇದನ್ನು ಕಂಡವರಿಗೆ ಬ್ಯಾಂಕು ಇಂಥ ಬಿ.ಎಲ್. ಒಪ್ಪುವುದಿಲ್ಲವೇನೋ ಎಂಬ ಭಯ ಹುಟ್ಟುತ್ತದೆ. ಭಯ ಬೇಡ. ಲೆಟರ್ ಆಫ್ ಕ್ರೆಡಿಟ್ಟಿಗೆ ಬ್ಯಾಂಕುಗಳು 2007ರ ಜುಲೈಯಿಂದ ಬಳಸುತ್ತಿರುವ ಯು.ಸಿ.ಪಿ. 600 ನಿಯಮಗಳ 26ನೇ ಕಲಮಿನಲ್ಲಿ ಈ ಮಾತುಗಳಿರುವ ಬಿ.ಎಲ್. ಒಪ್ಪಬಹುದೆಂದು ಸ್ಪಷ್ಟವಾಗಿಯೇ ಇದೆ.

ಭಯಪಡಬೇಕಾದದ್ದು ಬೇರೆ ಕಡೆ. ಹೇಗ್ ನಿಯಮಗಳಲ್ಲಿ ಹಡಗಿನವನ ಹೊಣೆಗೆ ನಗವೊಂದಕ್ಕೆ ಇಷ್ಟೇ ಎಂಬ ಮಿತಿ ಇತ್ತು. ಕಂಟೇನರು ಬಂದಮೇಲೆ ನಗವೆಂದರೆ ಪೆಟ್ಟಿಗೆಯೋ ಬೇಲೋ ಎಂಬ ಜಗಳ ಶುರುವಾಯಿತು. 1968ರ ವಿಸ್ಬಿ ಒಪ್ಪಂದ ಅದನ್ನು ತೀರಿಸಿತು: ಒಳಗಿರುವ ನಗಗಳನ್ನು ಬಿ.ಎಲ್. ಎಣಿಸಿ ಹೇಳಿದ್ದರೆ ಅಷ್ಟೂ ನಗಗಳು, ಹೇಳದಿದ್ದರೆ ಇಡೀ ಪೆಟ್ಟಿಗೆ ಒಂದೇ ನಗ. ಕಿಲೋ ಲೆಕ್ಕದ ಇನ್ನೊಂದು ಮಿತಿಯೂ ಇರುವುದರಿಂದ ಹತ್ತಿಯಂಥ ಭಾರದ ಸರಕಿಗೆ ಹೊಡೆತ ಕಡಿಮೆ. ಆದರೂ ‘ಒಂದು ಕಂಟೇನರ್ ಹತ್ತಿ’ ಎಂದಷ್ಟೇ ಬರೆಸುವುದು ದಡ್ಡತನ. ‘ಒಂದು ಕಂಟೇನರ್, ಒಳಗೆ 150 ಬೇಲು ಇದೆಯೆಂದು ಹೇಳಲಾಗಿದೆ’ ಎಂದು ಬರೆಸಬೇಕು.

ಹೀಗೆ ಹಡಗಿನವನ ಮಾತು ಕಿರಿದಾದಷ್ಟೂ ಪ್ಯಾಕಿಂಗ್ ಲಿಸ್ಟಿನ ಹೊರೆ ಹೆಚ್ಚಿತು. 2015ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕಡ್ಡಾಯವಾದ ಕಾಗದಗಳನ್ನು ಮೂರಕ್ಕೆ ಇಳಿಸಿತು: ಬಿ.ಎಲ್. ಅಥವಾ ವಿಮಾನದ ಏರ್‌ವೇ ಬಿಲ್, ಇನ್‌ವಾಯ್ಸ್ ಸಹಿತ ಪ್ಯಾಕಿಂಗ್ ಲಿಸ್ಟ್, ಕಸ್ಟಮ್ಸಿನ ಶಿಪ್ಪಿಂಗ್ ಬಿಲ್. ಈ ಮೂರರಲ್ಲಿ ಪೆಟ್ಟಿಗೆಯ ಒಳಗನ್ನು ಕಂಡು ಬರೆದದ್ದು ಪ್ಯಾಕಿಂಗ್ ಲಿಸ್ಟ್ ಒಂದೇ.

ಒಂದು ಲೆಕ್ಕ ಹಾಕಿ ನೋಡೋಣ. ನಲವತ್ತು ಅಡಿಯ ಎತ್ತರದ ಕಂಟೇನರಿಗೆ ಆದವಾನಿಯಲ್ಲೇ 150 ಬೇಲು ತುಂಬುತ್ತೇವೆ. ಪಿ.ಆರ್. ನಂಬರು 2301ರಿಂದ 2450ರವರೆಗೆ. ಬೇಲಿಗೆ 170 ಕಿಲೋ ಎಂಬುದು ವ್ಯಾಪಾರದ ಅಳತೆಯೇ ಹೊರತು ಕಾಟಾದ ಮೇಲೆ ಪ್ರತಿ ಬೇಲೂ ಒಂದೊಂದು ತೂಕ ತೋರಿಸುತ್ತದೆ. ಆದ್ದರಿಂದ 150ನ್ನು 170ರಿಂದ ಗುಣಿಸಿ ಬರೆಯುವಂತಿಲ್ಲ. ಪಟ್ಟಿ ಕೂಡಿದಾಗ ಒಟ್ಟು ತೂಕ 25,320 ಕಿಲೋ ಬಂತು. ಹೊದಿಕೆ ಬಟ್ಟೆ, ಕಟ್ಟುಪಟ್ಟಿ ಸೇರಿ ಬಾರದಾನ ಬೇಲಿಗೆ 1.8 ಕಿಲೋ, ಅಂದರೆ 270 ಕಿಲೋ. ಕಳೆದರೆ ನಿವ್ವಳ 25,050. ಪ್ಯಾಕಿಂಗ್ ಲಿಸ್ಟಿನಲ್ಲಿ ಒಟ್ಟು, ಬಾರದಾನ, ನಿವ್ವಳ ಮೂರೂ ಬೇರೆ ಬೇರೆ ಕಾಲಮ್ಮಿನಲ್ಲಿರಬೇಕು. ಬಿ.ಎಲ್.ನಲ್ಲಿ ಮುಖ್ಯವಾಗಿ ಬರುವುದು ಒಟ್ಟು ತೂಕ. 2016ರ ಜುಲೈ 1ರಿಂದ ಇನ್ನೊಂದು ತೂಕವೂ ಸೇರಿಕೊಂಡಿದೆ: ಹಡಗಿಗೆ ಏರುವ ಮೊದಲು ಕೊಡಬೇಕಾದ ವಿ.ಜಿ.ಎಂ. ಇದು ಸರಕಿನ ಒಟ್ಟು ತೂಕಕ್ಕೆ ಕಂಟೇನರಿನ ಬಾಗಿಲ ಮೇಲೆ ಬರೆದಿರುವ ಖಾಲಿ ತೂಕ ಕೂಡಿಸಿದ್ದು. ಬಾಗಿಲಲ್ಲಿ 3,900 ಎಂದಿದ್ದರೆ ವಿ.ಜಿ.ಎಂ. 29,220 ಕಿಲೋ.

ನಾಲ್ಕು ತೂಕಗಳಾದವು. ನಮ್ಮ ಮಾತಿನಲ್ಲಿ ನಾಲ್ಕಕ್ಕೂ ‘ತೂಕ’ ಎಂದೇ ಅನ್ನುತ್ತೇವೆ, ಎಡವುವುದೂ ಅಲ್ಲೇ. ಪ್ಯಾಕಿಂಗ್ ಲಿಸ್ಟಿನಲ್ಲಿ ಬರೀ ‘ವೆಯ್ಟ್’ ಎಂದು 25,050 ಬರೆದು, ಬಿ.ಎಲ್.ನಲ್ಲಿ 25,320 ಇದ್ದರೆ ಬ್ಯಾಂಕಿನವನ ಕಣ್ಣಿಗೆ ಎರಡು ಕಾಗದ ಜಗಳವಾಡುತ್ತಿವೆ. ಬ್ಯಾಂಕು ಹತ್ತಿಯನ್ನು ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತದೆ. ಕಾಗದಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕಿಲ್ಲ, ಒಂದಕ್ಕೊಂದು ವಿರುದ್ಧವಾಗಿರಬಾರದು ಎಂಬುದು ಯು.ಸಿ.ಪಿ.ಯ ನಿಯಮ. ವಿರೋಧ ಕಂಡರೆ ಹಣ ನಿಲ್ಲುತ್ತದೆ.

ಬ್ಯಾಂಕಿಗೆ ಎಂದೂ ಕಾಣದ ತಪ್ಪು ಇನ್ನೊಂದು ಬಗೆಯದು. ತುಂಬುವ ದಿನ 2377ನೇ ಬೇಲಿನ ಹೊದಿಕೆ ಹರಿದು ಒದ್ದೆಯಾಗಿರುವುದು ಕಂಡು, ಅದನ್ನು ಬದಿಗೆ ತಳ್ಳಿ 2461ನ್ನು ಒಳಗೆ ಹಾಕಿದರೆನ್ನಿ. ಎಣಿಕೆ 150ಕ್ಕೆ ಸರಿಹೋಯಿತು, ಬಾಗಿಲು ಮುಚ್ಚಿ ಸೀಲು ಹಾಕಿದರು. ಹಿಂದಿನ ದಿನವೇ ಟೈಪಾಗಿದ್ದ ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಬಿ.ಎಲ್. ಸರಿಯಿದೆ, ಬ್ಯಾಂಕು ಹಣ ಕೊಟ್ಟಿತು. ಚಟ್ಟೋಗ್ರಾಮದಲ್ಲಿ ಬಾಗಿಲು ತೆರೆದ ಸರ್ವೇಯರ್ ಮಾತ್ರ ಒಂದು ಬೇಲು ಇಲ್ಲ, ಪಟ್ಟಿಯಲ್ಲಿಲ್ಲದ ಒಂದು ಬೇಲು ಇದೆ ಎಂದು ವರದಿ ಬರೆಯುತ್ತಾನೆ. ಆ ವರದಿ ಕೈಸೇರಿದ ಖರೀದಿದಾರ ಉಳಿದ 149 ಬೇಲುಗಳ ತೂಕವನ್ನೂ ಗುಣಮಟ್ಟವನ್ನೂ ಅನುಮಾನಿಸಬಹುದು. ಹತ್ತಿ ಗಾಳಿಯ ತೇವ ಹೀರುವ, ಬಿಡುವ ವಸ್ತು. ಆದವಾನಿಯ ಬೇಸಿಗೆಯಲ್ಲಿ ತೂಗಿದ ಬೇಲು ಸಮುದ್ರ ದಾಟಿ ಅದೇ ತೂಕ ತೋರಿಸದು. ಹಾಗೆ ವ್ಯತ್ಯಾಸ ಬಂದಾಗ ನಮ್ಮ ಪರವಾಗಿ ನಿಲ್ಲುವುದು ನಂಬರುವಾರು ತೂಕದ ಪಟ್ಟಿ, ತೂಗಿದ ತಾರೀಖಿನೊಂದಿಗೆ. ಅದರಲ್ಲೇ ಒಂದು ನಂಬರು ಸುಳ್ಳಾದರೆ ಪಟ್ಟಿಯ ಬಲವೇ ಹೋಯಿತು.

ಆದ್ದರಿಂದ ಪ್ಯಾಕಿಂಗ್ ಲಿಸ್ಟ್ ಟೈಪಾಗಬೇಕಾದದ್ದು ಬಾಗಿಲು ಮುಚ್ಚಿದ ಮೇಲೆ, ತುಂಬುವಾಗ ಬರೆದ ಟ್ಯಾಲಿ ನೋಡಿಕೊಂಡು. ಕಂಟೇನರ್ ನಂಬರನ್ನು ಬಾಗಿಲಿನಿಂದಲೇ ಬರೆದುಕೊಳ್ಳಬೇಕು. ಸೀಲು ಎರಡಿರುತ್ತವೆ: ಹಡಗು ಕಂಪನಿಯದೊಂದು, ಮಿಲ್ಲಿನಲ್ಲೇ ತುಂಬಿ ನಾವೇ ಮುದ್ರೆ ಹಾಕುವವರಿಗೆ 2017ರಲ್ಲಿ ಕಸ್ಟಮ್ಸ್ ತಂದ ಇ-ಸೀಲ್ ಇನ್ನೊಂದು. ಇವನ್ನು ಅದಲುಬದಲು ಮಾಡಬಾರದು. ನಗಗಳ ಎಣಿಕೆ ಶಿಪ್ಪಿಂಗ್ ಬಿಲ್ಲಿನಲ್ಲೊಂದು, ಹಡಗಿನ ಮ್ಯಾನಿಫೆಸ್ಟಿನಲ್ಲಿ ಇನ್ನೊಂದು ಆದರೆ ಜಿ.ಎಸ್.ಟಿ. ಮರುಪಾವತಿಯೂ ಸಿಕ್ಕಿಬೀಳುತ್ತದೆ.

ಬಿ.ಎಲ್. ಹೊರಬೀಳುವ ಮೊದಲು ಹಡಗು ಕಂಪನಿ ಅದರ ಡ್ರಾಫ್ಟ್ ಕಳುಹಿಸುತ್ತದೆ. ಚೆನ್ನೈಯ ಏಜೆಂಟ್ ಫೋನು ಮಾಡಿ ‘ಓಕೆನಾ?’ ಎಂದು ಕೇಳಿದಾಗ ಅವಸರದಲ್ಲಿ ಹೂಂ ಎನ್ನಬೇಡಿ. ಡ್ರಾಫ್ಟನ್ನೂ ಟ್ಯಾಲಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕಂಟೇನರ್, ಸೀಲು, ಬೇಲಿನ ಎಣಿಕೆ, ಒಟ್ಟು ತೂಕ ಈ ನಾಲ್ಕನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಟಿಕ್ ಹಾಕಲಿ. ಆಮೇಲೆ ಒಪ್ಪಿಗೆ ಕೊಡಿ. ಹಡಗು ಹೊರಟಮೇಲೆ ಒಂದು ಅಂಕಿ ತಿದ್ದಿಸಬೇಕಾದರೂ ಹಡಗು ಕಂಪನಿಗೆ ಪತ್ರ, ಶುಲ್ಕ, ಕಸ್ಟಮ್ಸಿನಲ್ಲಿ ಮ್ಯಾನಿಫೆಸ್ಟಿನ ತಿದ್ದುಪಡಿ ಬೇಕಾಗುತ್ತದೆ. ಕಾಗದ ಬ್ಯಾಂಕಿಗೆ ಒಪ್ಪಿಸಲು ಸಾಮಾನ್ಯವಾಗಿ ಇರುವುದು ಸರಕು ಹಡಗೇರಿದ ದಿನದಿಂದ 21 ದಿನ ಮಾತ್ರ.