ಕೊರಕಲು ಕೊರೆತದ ಅಳತೆ: ಅಡ್ಡಛೇದದಿಂದ ವಾರ್ಷಿಕ ಮಣ್ಣಿನ ನಷ್ಟಕ್ಕೆ

ಇಳಿಜಾರಿನಲ್ಲಿ ಹರಿಯುವ ಮಳೆನೀರು ಒಂದೇ ಜಾಡಿಗೆ ಕೂಡಿ, ನೇಗಿಲು ಹೊಡೆದು ಮುಚ್ಚಲಾಗದಷ್ಟು ಆಳಕ್ಕೆ ನೆಲ ಕೊರೆದರೆ ಅದು ಕೊರಕಲು. ಅದನ್ನು ಹಲವು ಕಡೆ ಅಡ್ಡಲಾಗಿ ಅಳೆದು ಎಷ್ಟು ಘನ ಮೀಟರ್ ಮಣ್ಣು ಹೋಗಿದೆ ಎಂದು ಮೊದಲು ಕಂಡುಕೊಳ್ಳುತ್ತಾರೆ. ಬಳಿಕ ಆ ಘನವನ್ನು ತೂಕಕ್ಕೆ ತಿರುಗಿಸಿ, ನೀರು ಹರಿದುಬರುವ ಜಮೀನಿನ ವಿಸ್ತೀರ್ಣಕ್ಕೂ ಕೊರಕಲಿನ ವಯಸ್ಸಿಗೂ ಭಾಗಿಸಿ, ಹೆಕ್ಟೇರಿಗೆ ವರ್ಷಕ್ಕೆ ಇಷ್ಟು ಟನ್ ಎಂದು ಹೇಳುತ್ತಾರೆ.

ಧಾರವಾಡ ಜಿಲ್ಲೆಯ ಪಶ್ಚಿಮದಂಚಿನ ಅಳ್ನಾವರ ಈ ಲೆಕ್ಕಕ್ಕೆ ತಕ್ಕ ನೆಲ. ನವಲಗುಂದ, ಅಣ್ಣಿಗೇರಿಗಳ ಬಯಲು ಎರೆ ಹೊಲಗಳಿಗಿಂತ ಇಲ್ಲಿ ಮಳೆ ಹೆಚ್ಚು. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ಮಸಾರಿ ಮಣ್ಣೂ ಏರಿಳಿತದ ಹೊಲಗಳೂ ಸಾಮಾನ್ಯ. ಒಡ್ಡು ಒಡೆದ ಕಡೆ, ಚಕ್ಕಡಿ ದಾರಿ ಇಳಿಜಾರಿಗೆ ನೇರ ಇಳಿಯುವ ಕಡೆ ನೀರು ಒಂದೆಡೆ ಕೂಡಿ ಕೊರಕಲು ಹುಟ್ಟುತ್ತದೆ.

ಅಡ್ಡಛೇದದಿಂದ ಘನ ತೆಗೆಯುವ ರೀತಿ ಮಣ್ಣುವಿಜ್ಞಾನದಲ್ಲಿ ಹುಟ್ಟಿದ್ದಲ್ಲ. ರಸ್ತೆ, ಕಾಲುವೆ, ರೈಲುದಾರಿಗಳಿಗೆ ಎಷ್ಟು ಮಣ್ಣು ಅಗೆಯಬೇಕು, ಎಷ್ಟು ತುಂಬಬೇಕು ಎಂದು ಎಂಜಿನಿಯರುಗಳು ಹಾಕುತ್ತಿದ್ದ ಲೆಕ್ಕವೇ ಇದರ ಮೂಲ. ಅಕ್ಕಪಕ್ಕದ ಎರಡು ಛೇದಗಳ ಕ್ಷೇತ್ರಫಲದ ಸರಾಸರಿ ತೆಗೆದು, ನಡುವಿನ ಉದ್ದದಿಂದ ಗುಣಿಸಬೇಕು:

V = (A1 + A2) / 2 × L

ಅಮೆರಿಕದಲ್ಲಿ 1933ರಲ್ಲಿ ಮಣ್ಣು ಸವೆತ ತಡೆಗೆಂದೇ ಸರ್ಕಾರಿ ಸೇವೆಯೊಂದು ಹುಟ್ಟಿತು. 1935ರಲ್ಲಿ ಅದು ಮಣ್ಣು ಸಂರಕ್ಷಣಾ ಸೇವೆಯಾಯಿತು. ಆ ಕಾಲದ ಕೆಲಸಗಳಲ್ಲಿ ಐರ್‌ಲೆಂಡ್, ಶಾರ್ಪ್ ಮತ್ತು ಈರ್ಗಲ್ ಎಂಬ ಮೂವರು ದಕ್ಷಿಣ ಕ್ಯಾರೊಲಿನಾದ ಕೊರಕಲುಗಳ ಬಗ್ಗೆ 1939ರಲ್ಲಿ ಪ್ರಕಟಿಸಿದ ವರದಿ ಮುಖ್ಯವಾದುದು. ಕೊರಕಲು ಹುಟ್ಟುತ್ತದೆ, ಬಿರುಸಾಗಿ ಬೆಳೆಯುತ್ತದೆ, ನಿಧಾನವಾಗುತ್ತದೆ, ಕೊನೆಗೆ ಹುಲ್ಲು ಹಿಡಿದು ನೆಲೆಗೊಳ್ಳುತ್ತದೆ ಎಂದು ಅವರು ಹಂತಗಳನ್ನು ಗುರುತಿಸಿದರು. ವಾರ್ಷಿಕ ನಷ್ಟದ ಲೆಕ್ಕ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಉತ್ತರ ಆ ಹಂತಗಳಲ್ಲೇ ಇದೆ.

ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಅದೇ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಸೊಲ್ಲಾಪುರದಲ್ಲಿ ಅಂಚು ಕಟ್ಟಿದ ತಾಕುಗಳಿಂದ ಹರಿದ ನೀರು, ಮಣ್ಣುಗಳನ್ನು ಹಿಡಿದು ತೂಗಿದರು. 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಒಡ್ಡು ಹಾಕುವ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಬಳ್ಳಾರಿಯಲ್ಲಿ ಕೇಂದ್ರ ಸರ್ಕಾರದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಬಂತು. ಆದರೆ ಚಿಕ್ಕ ತಾಕಿನಲ್ಲಿ ಕಾಣುವುದು ಹೊಲದ ಮೈಮೇಲಿನಿಂದ ಪದರಾಗಿ ಇಲ್ಲವೇ ಕಿರುಜಾಡುಗಳಲ್ಲಿ ಹೋಗುವ ಮಣ್ಣು ಮಾತ್ರ. ಕೊರಕಲು ಹುಟ್ಟುವಷ್ಟು ನೀರು ಅಲ್ಲಿ ಕೂಡುವುದೇ ಇಲ್ಲ. ವಿಶ್‌ಮಯರ್ ಮತ್ತು ಸ್ಮಿತ್ 1965ರಲ್ಲಿ ಕೊಟ್ಟು, 1978ರಲ್ಲಿ ಪರಿಷ್ಕರಿಸಿದ ಹೆಸರಾಂತ ಮಣ್ಣಿನ ನಷ್ಟದ ಸಮೀಕರಣವೂ ಇಂಥ ತಾಕುಗಳ ಅಂಕಿಗಳಿಂದಲೇ ಬಂದದ್ದು. ಅದರಲ್ಲಿ ಕೊರಕಲು ಸೇರಿಲ್ಲ. ಸಮೀಕರಣದಿಂದ ಬಂದ ಅಂಕಿಯನ್ನೇ ಜಮೀನಿನ ಒಟ್ಟು ನಷ್ಟವೆಂದು ಬರೆಯುವ ವರದಿ ಕೊರಕಲಿನ ಮಣ್ಣನ್ನು ಬಿಟ್ಟೇ ಬರೆದಿರುತ್ತದೆ. ಆದ್ದರಿಂದ ಕೊರಕಲಿಗೆ ಟೇಪು, ಗೂಟ, ಹುರಿ ಹಿಡಿದು ಪ್ರತ್ಯೇಕವಾಗಿಯೇ ಅಳತೆ ಮಾಡಬೇಕು.

ಲೆಕ್ಕ ಹೇಗೆ ಸಾಗುತ್ತದೆಂದು ತೋರಿಸಲು ಅಳ್ನಾವರದ ಕಡೆಯ ಮಸಾರಿ ಹೊಲದಲ್ಲಿ 60 ಮೀಟರ್ ಉದ್ದದ ಕೊರಕಲೊಂದನ್ನು ಕಲ್ಪಿಸಿಕೊಳ್ಳೋಣ. ತಲೆಯಿಂದ ಪ್ರತಿ 20 ಮೀಟರಿಗೆ ಎರಡೂ ದಡದಲ್ಲಿ ಗೂಟ ಹೊಡೆದು, ಹುರಿಯನ್ನು ಮಟ್ಟಸವಾಗಿ ಬಿಗಿದು, ಮೇಲಗಲ, ತಳದಗಲ, ಆಳ ಅಳೆಯಬೇಕು. ತಲೆಯಲ್ಲಿ ಮೇಲಗಲ 1.0, ತಳ 0.6, ಆಳ 0.5 ಮೀಟರ್ ಎನ್ನಿ. ಎರಡು ಅಗಲಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಛೇದ 0.4 ಚದರ ಮೀಟರ್. ಎರಡನೆಯ ಕಡೆ ಅಗಲ 1.8 ಮತ್ತು 1.0, ಆಳ 1.0, ಛೇದ 1.4. ಮೂರನೆಯ ಕಡೆ 2.4 ಮತ್ತು 1.2, ಆಳ 1.0, ಛೇದ 1.8. ಬಾಯಿಯಲ್ಲಿ 2.0 ಮತ್ತು 1.2, ಆಳ 0.5, ಛೇದ 0.8. ಮೂರು ತುಂಡುಗಳ ಘನ ಕ್ರಮವಾಗಿ 18, 32, 26, ಒಟ್ಟು 76 ಘನ ಮೀಟರ್.

ಇಲ್ಲಿ ಆತುರದವರು ದಾರಿ ತಪ್ಪುತ್ತಾರೆ. ನಾಲ್ಕೂ ಕಡೆಯ ಅಗಲಗಳ ಸರಾಸರಿ ಬೇರೆ, ಆಳದ ಸರಾಸರಿ ಬೇರೆ ತೆಗೆದು ಕೊನೆಗೊಮ್ಮೆ ಗುಣಿಸಿದರೆ ಇದೇ ಕೊರಕಲು 63 ಘನ ಮೀಟರಿಗೆ ಇಳಿಯುತ್ತದೆ. ಅಗಲವಾದ ಕಡೆಯೇ ಆಳವೂ ಹೆಚ್ಚಿರುವುದರಿಂದಲೂ, ಕಿರಿದಾದ ಎರಡು ತುದಿಗಳಿಗೆ ನಡುವಿನ ಛೇದಗಳಷ್ಟೇ ತೂಕ ಸಿಗುವುದರಿಂದಲೂ ಸರಾಸರಿಗಳ ಗುಣಲಬ್ಧ ನಿಜಕ್ಕಿಂತ ಕಡಿಮೆ ಬರುತ್ತದೆ. ಮೂರನೆಯ ಛೇದವೊಂದನ್ನೇ ಹಿಡಿದು 60ರಿಂದ ಗುಣಿಸಿದರೆ 108. ಆದ್ದರಿಂದ ಮೊದಲು ಪ್ರತಿ ಛೇದದ ಕ್ಷೇತ್ರಫಲ, ಆಮೇಲೆ ತುಂಡು ತುಂಡಿಗೆ ಸರಾಸರಿ. ಆಕಾರ ಬದಲಾಗುವ ಕಡೆಯೆಲ್ಲ ಗೂಟ ಹತ್ತಿರ ಹತ್ತಿರ ಬರಬೇಕು. ದುಬಾರಿ ಉಪಕರಣ ತಂದು ನಾಲ್ಕೇ ಛೇದ ಅಳೆಯುವುದಕ್ಕಿಂತ ಟೇಪು ಹಿಡಿದು ಹನ್ನೆರಡು ಅಳೆಯುವುದು ಮೇಲು.

ಇನ್ನೊಂದು ತಪ್ಪು ಹುರಿಯಲ್ಲೇ ಇದೆ. ಹುರಿಯ ಕೆಳಗಿನ ಖಾಲಿ ಜಾಗವೆಲ್ಲ ಒಮ್ಮೆ ಮಣ್ಣಾಗಿತ್ತು ಎಂದು ಈ ವಿಧಾನ ನಂಬುತ್ತದೆ. ಅಲ್ಲಿ ಮೊದಲೇ ತಗ್ಗು ಇದ್ದರೆ ಹೋಗದ ಮಣ್ಣೂ ಹೋದ ಲೆಕ್ಕಕ್ಕೆ ಸೇರುತ್ತದೆ. ದಡದಿಂದಾಚೆಗೂ ನಾಲ್ಕಾರು ಮೀಟರ್ ಅಳೆದರೆ ಗೊತ್ತಾಗುತ್ತದೆ: ಹೊಲದ ಮೈ ಎರಡೂ ಕಡೆಯಿಂದ ಕೊರಕಲಿನತ್ತ ಬಾಗಿದ್ದರೆ ಹಳೆಯ ತಗ್ಗಿತ್ತು ಎಂದೇ ಅರ್ಥ.

ಘನದಿಂದ ತೂಕಕ್ಕೆ ಹೋಗಲು ಮಣ್ಣಿನ ಸಾಂದ್ರತೆ ಬೇಕು. ಗಾತ್ರ ಗೊತ್ತಿರುವ ಉಕ್ಕಿನ ಬಳೆಯನ್ನು ಕೊರಕಲಿನ ಪಕ್ಕದ, ಕದಡದ ಮಣ್ಣಿಗೆ ಹೊಡೆದು ತೆಗೆದು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗುತ್ತಾರೆ. ಮೇಲ್ಪದರಕ್ಕೂ ಕೆಳಪದರಕ್ಕೂ ವ್ಯತ್ಯಾಸವಿರುವುದರಿಂದ ಎರಡರಿಂದಲೂ ಮಾದರಿ ಬೇಕು. ನವಲಗುಂದದ ಎರೆಯಲ್ಲಾದರೆ ತೊಡಕು ಹೆಚ್ಚು: ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಸಾಂದ್ರತೆಯೂ ತೇವದೊಡನೆ ಬದಲಾಗುತ್ತದೆ. ನಮ್ಮ ಮಸಾರಿಗೆ ಘನ ಮೀಟರಿಗೆ 1.4 ಟನ್ ಎಂದಿಟ್ಟುಕೊಂಡರೆ 76 ಘನ ಮೀಟರ್ 106.4 ಟನ್ ಆಯಿತು.

ಮುಂದೆ ಎರಡು ಭಾಗಾಕಾರ. ಕೊರಕಲಿಗೆ ನೀರು ಕೊಡುವ ಜಮೀನು 2 ಹೆಕ್ಟೇರ್, ವಯಸ್ಸು 8 ವರ್ಷ ಎನ್ನೋಣ. ಆಗ ವರ್ಷಕ್ಕೆ 13.3 ಟನ್, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 6.65 ಟನ್. ಭಾಗಿಸಬೇಕಾದುದು ಈ 2 ಹೆಕ್ಟೇರಿಗೇ ಹೊರತು ಕೊರಕಲು ಆಕ್ರಮಿಸಿದ ಕಿರುಪಟ್ಟಿಗಲ್ಲ. ಆ ಪಟ್ಟಿಗೆ ಭಾಗಿಸಿದರೆ ಅಂಕಿ ಸಾವಿರ ಟನ್ನಿಗೂ ಮೇಲೆ ಹಾರುತ್ತದೆ.

ಇಡೀ ಲೆಕ್ಕದಲ್ಲಿ ಅತಿ ದುರ್ಬಲ ಕೊಂಡಿ ವಯಸ್ಸು. ಎಂಟರ ಬದಲು ಐದು ವರ್ಷ ಎಂದರೆ 6.65 ಇದ್ದದ್ದು 10.64 ಆಗುತ್ತದೆ; ಟೇಪಿನ ತಪ್ಪಿಗಿಂತ ಇದು ದೊಡ್ಡದು. ಹೊಲದವರ ನೆನಪು, ದಡದಲ್ಲಿ ಬೇರು ಬಯಲಾದ ಮರದ ವಯಸ್ಸು, ಹಳೆಯ ವೈಮಾನಿಕ ಹಾಗೂ ಉಪಗ್ರಹ ಚಿತ್ರಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ವಯಸ್ಸು ಸರಿ ಸಿಕ್ಕರೂ ಸರಾಸರಿಯೇ ಮೋಸ ಮಾಡಬಲ್ಲದು. ಕೊರಕಲು ತನ್ನ ಆಯುಷ್ಯದ ಮೊದಲ ಭಾಗದಲ್ಲೇ ಬಹುಪಾಲು ಉದ್ದಕ್ಕೆ ಬೆಳೆದುಬಿಡುತ್ತದೆ. ಆಮೇಲೆ ದಡ ಕುಸಿದು ನಿಧಾನವಾಗಿ ಅಗಲವಾಗುತ್ತದೆ. 6.65 ಟನ್ ಎಂಬುದು ಕಳೆದ ಎಂಟು ವರ್ಷಗಳ ಸರಾಸರಿ; ಬರುವ ಮಳೆಗಾಲಕ್ಕೆ ಅದು ಭವಿಷ್ಯವಲ್ಲ.

ಇದಕ್ಕೆ ಪರಿಹಾರ ಮರು ಅಳತೆ. ದಡದಿಂದ ಹಿಂದಕ್ಕೆ, ಕುಸಿತ ತಲುಪದ ಕಡೆ ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ನೆಟ್ಟು, ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಅದೇ ಛೇದಗಳನ್ನು ಅಳೆದರೆ ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ. ಈಗ ಡ್ರೋನ್ ಚಿತ್ರಗಳಿಂದ ಇಡೀ ಕೊರಕಲಿನ ಮಾದರಿ ಕಟ್ಟಬಹುದು. ಆದರೆ ಗಿಡಗಂಟಿ ಮುಚ್ಚಿದ ತಳ, ಒಳಕ್ಕೆ ಕೊರೆದ ದಡ ಮೇಲಿನಿಂದ ಕಾಣುವುದಿಲ್ಲ. ಮಲೆನಾಡಿನಂಚಿನಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಗಿಡಗಂಟಿ ಬೆಳೆದಿರುವುದರಿಂದ ಟೇಪಿನ ಅಳತೆ ಇಲ್ಲಿ ಇನ್ನೂ ಬೇಕು.

ಭಾರತದಲ್ಲಿ ಮಣ್ಣಿನ ನಷ್ಟದ ಸಹನೀಯ ಮಿತಿಯನ್ನು ಬಹುಕಾಲ ಹೆಕ್ಟೇರಿಗೆ ವರ್ಷಕ್ಕೆ 4.5ರಿಂದ 11.2 ಟನ್ ಎಂದು ಹಿಡಿಯಲಾಗಿದೆ. ಮೇಲಿನ ಉದಾಹರಣೆಯ ಕೊರಕಲೊಂದೇ, ಹೊಲದ ಮೈಮೇಲಿನ ಸವೆತ ಕೂಡಿಸುವ ಮೊದಲೇ, ಆ ಮಿತಿಯ ಕೆಳಗಿನ ಗೆರೆಯನ್ನು ದಾಟಿದೆ.